ಇಪ್ಪತ್ತನಾಲ್ಕು ಆನೆ, ಒಂದು ಹಲಸಿನ ಹಣ್ಣು

ಒಂಬತ್ತನೇ ಕ್ಲಾಸಿನ ಮೊದಲ ಕಿರುಪರೀಕ್ಷೆ. ಕನ್ನಡ ಪತ್ರಿಕೆಯ ಕೊನೆಯ ಪ್ರಶ್ನೆ ನಾಲ್ಕು ಅಂಕದ್ದು: ‘ಕೊಟ್ಟಿರುವ ಸಾಲಿನಿಂದ ಆರಂಭಿಸಿ, ಕೊಟ್ಟಿರುವ ನೀತಿಗೆ ಹೊಂದುವಂತೆ ಕಥೆ ಪೂರ್ಣಗೊಳಿಸಿ. ಸೂಕ್ತ ಶೀರ್ಷಿಕೆ ಕೊಡಿ.’

ಆರಂಭದ ಸಾಲು: ‘ಬೆಳಿಗ್ಗೆ ಎದ್ದು ನೋಡಿದರೆ ಅಜ್ಜಿಯ ಹಿತ್ತಲಿನ ಹಲಸಿನ ಹಣ್ಣು ಮಾಯವಾಗಿತ್ತು.’

ನೀತಿ: ‘ತಪ್ಪನ್ನು ಒಪ್ಪಿಕೊಂಡವರನ್ನು ಕ್ಷಮಿಸಬೇಕು.’

ಈ ಪ್ರಶ್ನೆ ಓದಿದ ತಕ್ಷಣ ನಿಮಗೆ ಏನು ಹೊಳೆಯಿತೋ ಗೊತ್ತಿಲ್ಲ. ಪ್ರಶ್ನೆ ಬರೆದ ಮೇಡಂಗೆ ಹೊಳೆದಿದ್ದು ಒಬ್ಬ ಮೊಮ್ಮಗ. ಅವನು ಕದ್ದು ತಿನ್ನುತ್ತಾನೆ, ಹೊಟ್ಟೆ ನೋಯುತ್ತದೆ, ಅಳುತ್ತಾನೆ, ಅಜ್ಜಿ ತಲೆ ಸವರುತ್ತಾಳೆ. ನಮ್ಮ ಕ್ಲಾಸಿನ ಇಪ್ಪತ್ತೇಳು ಜನರಲ್ಲಿ ಇಪ್ಪತ್ತನಾಲ್ಕು ಜನಕ್ಕೆ ಹೊಳೆದಿದ್ದು ಆನೆ.

ನಮ್ಮ ಶಾಲೆ ಹುಣಸೂರಿನಿಂದ ವೀರನಹೊಸಹಳ್ಳಿ ದಿಕ್ಕಿಗೆ, ಕಾಡಿನ ಬೇಲಿಯಿಂದ ಕೂಗಳತೆಯಲ್ಲಿ. ನಮ್ಮೂರಲ್ಲಿ ಹಲಸಿನ ಹಣ್ಣು ಬೆಳಿಗ್ಗೆ ಮರದಲ್ಲಿಲ್ಲ ಅಂದರೆ ಯಾರೂ ಮೊಮ್ಮಗನ ಕಡೆ ತಿರುಗಿ ನೋಡುವುದಿಲ್ಲ. ನೆಲ ನೋಡುತ್ತಾರೆ. ಅಲ್ಲಿ ಮೊರದಗಲದ ಹೆಜ್ಜೆ ಇರುತ್ತದೆ. ಕಥೆ ಮುಗಿಯಿತು.

ಮೇಡಂ ಬಂದಿದ್ದು ವಿಜಯಪುರದ ಕಡೆಯಿಂದ. ಜೂನ್ ತಿಂಗಳಲ್ಲಿ ವರ್ಗವಾಗಿ ಬಂದು ಹುಣಸೂರಿನಲ್ಲಿ ಮನೆ ಮಾಡಿ, ದಿನಾ ಸ್ಕೂಟರಿನಲ್ಲಿ ಓಡಾಡುತ್ತಿದ್ದರು. ಅವರು ಬರುವ ಹೊತ್ತಿಗೂ ಹೋಗುವ ಹೊತ್ತಿಗೂ ಆನೆಗಳು ಒಳಗಿರುತ್ತಿದ್ದವು. ಎರಡು ತಿಂಗಳಾದರೂ ಅವರಿಗೆ ಒಂದು ಬಾಲವೂ ಕಂಡಿರಲಿಲ್ಲ. ಕಂಡಿಲ್ಲ ಅಂದರೂ ನಂಬಬಹುದಿತ್ತು. ನಂಬದ ಹಾಗೆ ಮಾಡಿದವನು ನಾನು.

ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳಬೇಕು. ನನಗೆ ಎಲ್ಲರ ಧ್ವನಿಯೂ ಬರುತ್ತಿತ್ತು. ಹೆಡ್‌ಮೇಷ್ಟ್ರು ಗಂಟಲು ಸರಿಮಾಡಿಕೊಂಡು ‘ವಿದ್ಯಾರ್ಥಿಗಳೇ’ ಅನ್ನೋದು, ಡೈರಿ ಸೊಸೈಟಿಯಲ್ಲಿ ಹಾಲಿಗೆ ನೀರಳೆಯುವ ಕಡ್ಡಿ ಅದ್ದುವಾಗ ಕಾರ್ಯದರ್ಶಿ ಮೂಗಿನಲ್ಲಿ ‘ನೀರು ಜಾಸ್ತಿ ಕಣಮ್ಮೋ’ ಅನ್ನೋದು, ಹುಣಸೂರು ಬಸ್ಸಿನ ಕಂಡಕ್ಟರು, ನಮ್ಮಪ್ಪ, ನಮ್ಮಪ್ಪನಿಂದ ಒದೆ ತಿಂದು ಅಳುವ ನಾನು. ಧ್ವನಿ ಒಡೆಯುವ ವಯಸ್ಸು ಅದು. ಯಾರ ಧ್ವನಿ ಬೇಕಾದರೂ ತೆಗೆಯುತ್ತಿದ್ದ ನನಗೆ, ಹಾಜರಿ ಕೂಗಿದಾಗ ‘ಯಸ್ ಮಿಸ್’ ಅನ್ನುವುದಕ್ಕೆ ಮಾತ್ರ ಒಂದೊಂದು ದಿನ ಒಂದೊಂದು ಕೋಳಿ ಕೂಗುತ್ತಿತ್ತು. ಎಲ್ಲರನ್ನೂ ಆಡಿಕೊಳ್ಳುವವನನ್ನು ದೇವರು ಹೀಗೇ ಆಡಿಕೊಳ್ಳೋದು ಅಂತ ಅವ್ವ ಹೇಳುತ್ತಿದ್ದಳು. ಅದನ್ನೂ ನಾನು ಅವಳ ಧ್ವನಿಯಲ್ಲೇ ಹೇಳಿ ತೋರಿಸುತ್ತಿದ್ದೆ.

ಪರೀಕ್ಷೆಗೆ ಎರಡು ವಾರ ಮುಂಚೆ, ಮೇಡಂ ಸ್ಕೂಟರ್ ನಿಲ್ಲಿಸುವಾಗ, ನಾನು ನೀರಿನ ತೊಟ್ಟಿಯ ಹಿಂದೆ ಕೂತು, ಖಾಲಿ ಬಿಂದಿಗೆಯೊಳಗೆ ಬಾಯಿಟ್ಟು ಒಂದು ಘೀಳು ಹಾಕಿದೆ. ಮೇಡಂ ಟಿಫನ್ ಕ್ಯಾರಿಯರ್ ಬಿಸಾಕಿ ಆಫೀಸ್ ರೂಮಿಗೆ ಓಡಿದರು. ರೊಟ್ಟಿ ಅಂಗಳದ ತುಂಬಾ ಚೆಲ್ಲಿತು. ಎಲ್ಲರೂ ನಕ್ಕರು. ಅಂದಿನಿಂದ ಯಾರಾದರೂ ‘ಮಿಸ್, ನಿನ್ನೆ ನಮ್ಮೊಲಕ್ಕೆ ಆನೆ ಬಂದಿತ್ತು’ ಅಂದರೆ ಅವರು ಸೀದಾ ನನ್ನ ಮುಖ ನೋಡುತ್ತಿದ್ದರು. ‘ಬಂದಿತ್ತೇನಪಾ? ಎಲ್ಲಿಂದ? ಬಿಂದಿಗಿ ಒಳಗಿಂದೇನು?’

ಪರೀಕ್ಷೆಗೆ ವಾಪಸ್ ಬರೋಣ. ನಾನು ಬರೆಯುತ್ತಾ ಬರೆಯುತ್ತಾ ಆನೆ ಹಿತ್ತಲಿಗೆ ಬರುವ ಜಾಗಕ್ಕೆ ಬಂದೆ. ಜೋಶ್ ಬಂತು. ಆನೆ ಮರಕ್ಕೆ ಮೈ ಉಜ್ಜುವಾಗ ಹೊಟ್ಟೆಯೊಳಗಿಂದ ಒಂದು ಗುಡುಗು ಬರುತ್ತದಲ್ಲ, ಅದು ನನ್ನ ಗಂಟಲಿನಿಂದ ತಾನಾಗೇ ಬಂತು. ‘ಗೊರ್‍ರ್‍ರ್’. ಮೆಲ್ಲಗೇ ಮಾಡಿದ್ದೆ. ಆದರೆ ಪರೀಕ್ಷೆ ನಡೆಯುವ ಕೋಣೆ, ಗೋಡೆಯ ಮೇಲೆ ಹಲ್ಲಿ ಓಡಿದರೂ ಕೇಳುವ ಮೌನ. ನಾಲ್ಕು ಜನ ಕಿಸಕ್ಕೆಂದರು. ಮೇಡಂ ‘ಯಾರದು?’ ಅಂದರು. ಯಾರದು ಅಂತ ಅವರಿಗೂ ಗೊತ್ತಿತ್ತು.

ಮೂರನೆಯ ದಿನ ಅವರು ಉತ್ತರ ಪತ್ರಿಕೆಗಳ ಕಟ್ಟು ತಂದು ಮೇಜಿನ ಮೇಲೆ ಇಟ್ಟರು.

‘ಎಲ್ಲಾರೂ ಕೂಡಿ ಒಂದು ಆನಿ ಸಾಕೀರೇನು?’

ನಮಗೆ ಅರ್ಥವಾಗಲಿಲ್ಲ. ಅವರು ಒಂದೊಂದೇ ಪತ್ರಿಕೆ ತೆಗೆದು ಓದತೊಡಗಿದರು. ಒಬ್ಬನ ಕಥೆಯಲ್ಲಿ ಆನೆ ಸೊಂಡಿಲೆತ್ತಿ ಅಜ್ಜಿಗೆ ಸಲಾಂ ಹೊಡೆದು ತಪ್ಪೊಪ್ಪಿಕೊಂಡಿತ್ತು. ಇನ್ನೊಬ್ಬಳ ಕಥೆಯಲ್ಲಿ ಅದು ಲದ್ದಿ ಹಾಕಿ ಹೋಗಿ, ಲದ್ದಿಯಲ್ಲಿದ್ದ ಬೀಜದಿಂದ ಐದು ಸಸಿ ಬಂದು, ಅಜ್ಜಿ ಅದನ್ನೇ ಕ್ಷಮಾಪಣೆ ಅಂತ ತಿಳಿದುಕೊಂಡಿದ್ದಳು. ಮತ್ತೊಬ್ಬನು ಫಾರೆಸ್ಟ್ ಗಾರ್ಡ್‌ನನ್ನು ಕರೆತಂದು, ‘ಇಲಾಖೆಯ ಪರವಾಗಿ ಆನೆಯ ತಪ್ಪನ್ನು ಒಪ್ಪಿಕೊಳ್ಳುತ್ತೇನೆ’ ಅಂತ ಹೇಳಿಸಿದ್ದ. ನನ್ನ ಬೆಂಚಿನ ಗೆಳೆಯ ಎಲ್ಲವನ್ನೂ ತಿರುಗಿಸಿಬಿಟ್ಟಿದ್ದ: ಹಣ್ಣಾಗೋ ಮುಂಚೆ ಕಾಯಿ ಕಿತ್ತುಬಿಡಿ, ವಾಸನೆಗೆ ಆನೆ ಬರುತ್ತೆ ಅಂತ ಗಾರ್ಡು ಹೇಳಿದ್ದರೂ ಕೀಳದೆ ಬಿಟ್ಟಿದ್ದು ಅಜ್ಜಿಯ ತಪ್ಪು. ಅಜ್ಜಿ ಅದನ್ನು ಒಪ್ಪಿಕೊಂಡಳು. ಆನೆ ಅಜ್ಜಿಯನ್ನು ಕ್ಷಮಿಸಿತು. ಮನೆಯ ಗೋಡೆ ಬೀಳಿಸದೆ ಹೋಗಿದ್ದೇ ಕ್ಷಮೆ.

ನನ್ನ ಕಥೆಯಲ್ಲಿ ಆನೆ ಮಾರನೆಯ ಬೆಳಿಗ್ಗೆ ತಾನಾಗೇ ಬಂದು ಹಿತ್ತಲಲ್ಲಿ ತಲೆ ಬಗ್ಗಿಸಿ ನಿಲ್ಲುತ್ತದೆ. ಅಜ್ಜಿ ‘ಓಗ್ಲಿ ಬುಡು’ ಅನ್ನುತ್ತಾಳೆ. ಅಷ್ಟೇ. ಅದು ನಮ್ಮಜ್ಜಿಯ ಧ್ವನಿ. ಬರೆಯುವಾಗ ಕಿವಿಯಲ್ಲಿ ಕೇಳಿಸಿತ್ತು.

ಆನೆ ಬರೆಯದವರು ಮೂವರು. ಒಬ್ಬಳು ಕೋತಿ ಬರೆದಿದ್ದಳು. ಒಬ್ಬ ಖಾಲಿ ಬಿಟ್ಟಿದ್ದ. ಮೂರನೆಯವನು ಕೆ.ಆರ್. ನಗರದ ನಾಲೆ ಬಯಲಿನ ಹುಡುಗ, ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದವನು. ಅವನು ಪಕ್ಕದ ಮನೆಯ ಹುಡುಗ ಕದ್ದ ಅಂತ ಬರೆದಿದ್ದ. ಅವನಿಗೆ ನಾಲ್ಕಕ್ಕೆ ನಾಲ್ಕು.

‘ನೋಡ್ರಿ, ಇಂವ ಒಬ್ಬಾಂವ ಸ್ವಂತ ಬರದಾನ’ ಅಂದರು ಮೇಡಂ. ಆಮೇಲೆ ನನ್ನ ಕಡೆ ತಿರುಗಿದರು. ‘ನೀ ಗೊರ್ ಅಂದಿ. ಎಲ್ಲಾರಿಗೂ ಆನಿ ಅಂತ ತಿಳೀತು. ಹೌದಿಲ್ಲೋ?’

‘ಇಲ್ಲ ಮಿಸ್, ನಿಜ್ವಾಗ್ಲೂ ಆನೆ ಬತ್ತವೆ ಮಿಸ್.’

‘ಬಿಂದಿಗಿ ಆನಿ?’

ಕ್ಲಾಸು ನಕ್ಕಿತು. ನನ್ನ ಗೆಳೆಯನೂ ನಕ್ಕ, ದ್ರೋಹಿ. ಆಮೇಲೆ ಮೇಡಂ ತಮ್ಮ ಚೀಲದಿಂದ ಒಂದು ಹಾಳೆ ತೆಗೆದರು. ಮುಂದಿನ ವಾರದ ಶನಿವಾರ ಹುಣಸೂರಿನಲ್ಲಿ ತಾಲ್ಲೂಕು ಮಟ್ಟದ ಸ್ಪರ್ಧೆಗಳು. ಮಿಮಿಕ್ರಿಗೆ ಶಾಲೆಗೊಂದು ಹೆಸರು, ನನ್ನದು. ಪಟ್ಟಿ ಕಳಿಸುವವರು ಅವರೇ. ‘ಇದು ನನ್ನ ಕಡೇನ ಇರಲಿ. ಪರೀಕ್ಷೆ ಒಳಗ ಕಾಪಿ ಹೊಡಿಸಿದಾಂವನ ಹೆಸರು ನಾ ಕಳಿಸೂದಿಲ್ಲ. ಸೋಮವಾರ ಇನ್ನೊಂದು ಕಥಿ ಕೊಡ್ತೀನಿ. ಎಲ್ಲಾರೂ ಬ್ಯಾರೆ ಬ್ಯಾರೆ ಕುಂತು ಬರೀರಿ. ಆವಾಗ ನೋಡೋಣು.’

ನಾನು ಹೋಗದಿದ್ದರೆ ಹೋಗುವವನು ಮೊದಲ ಬೆಂಚಿನ ಹುಡುಗ. ಅವನಿಗೆ ಬರುತ್ತಿದ್ದಿದ್ದು ಕಾಗೆ ಒಂದೇ. ಅದೂ ಶೀತವಾದ ಕಾಗೆ.

ಆ ಶನಿವಾರ, ಭಾನುವಾರ ನನ್ನ ತಲೆ ಕೆಟ್ಟು ಹೋಯಿತು. ನಾನು ಕಾಪಿ ಹೊಡೆಸಿರಲಿಲ್ಲ. ಅದು ಖಂಡಿತ. ಆದರೆ ಆ ‘ಗೊರ್’? ಅವರೆಲ್ಲ ಮೊದಲೇ ಆನೆ ಅಂದುಕೊಂಡಿದ್ದರಾ, ನನ್ನ ಗೊರ್ ಕೇಳಿ ಅಂದುಕೊಂಡರಾ? ಬೇಲಿ ಹತ್ತಿರ ಹಸು ಮೇಯಿಸುತ್ತಿದ್ದ ಗೆಳೆಯನನ್ನು ಕೇಳಿದೆ.

‘ಲೇ, ನಿಜ ಯೋಳು. ನನ್ನ ಗೊರ್ ಕೇಳಿ ಆನೆ ಬರ್ದಾ?’

‘ಯಾವ ಗೊರ್‍ರ್ಲಾ?’

‘ಪರೀಕ್ಷೇಲಿ ಮಾಡಿದ್ನಲ್ಲ.’

‘ಓ, ಅದಾ? ನಾನು ನಿಂಗೆ ಹೊಟ್ಟೆ ಕೆಟ್ಟದೆ ಅನ್ಕಂಡೆ ಕಣ್ಲಾ.’

ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಒಂದು ಕಡೆ ನಾನು ನಿರಪರಾಧಿ, ಇನ್ನೊಂದು ಕಡೆ ನನ್ನ ಆನೆ ಯಾರಿಗೂ ಆನೆ ಅನ್ನಿಸಿಲ್ಲ. ತಾಲ್ಲೂಕು ಮಟ್ಟಕ್ಕೆ ಹೊರಟವನಿಗೆ ಇದಕ್ಕಿಂತ ತಪ್ಪಿತಸ್ಥನಾಗುವುದೇ ವಾಸಿ ಅನ್ನಿಸಿತು.

ಸೋಮವಾರ ಮೇಡಂ ಬೋರ್ಡಿನ ಮೇಲೆ ಬರೆದರು. ಆರಂಭದ ಸಾಲು: ‘ಸಂತೆಯಿಂದ ಮರಳುತ್ತಿದ್ದ ತಂದೆ ಮಗ ದಾರಿಯ ನಡುವೆ ಇದ್ದಕ್ಕಿದ್ದಂತೆ ನಿಂತರು.’ ನೀತಿ: ‘ತಾಳ್ಮೆಯಿಂದ ಕಾದವರಿಗೆ ಒಳ್ಳೆಯದಾಗುತ್ತದೆ.’ ಸಾಲನ್ನು ಒಂದಕ್ಷರ ಬದಲಾಯಿಸದೆ ಬರೆದುಕೊಳ್ಳಬೇಕು, ನೀತಿಯನ್ನು ಕೊನೆಯಲ್ಲಿ ಸುಮ್ಮನೆ ಅಂಟಿಸಬಾರದು, ಕಥೆಯೊಳಗೆ ನಡೆಯುವುದರಿಂದಲೇ ಅದು ಬರಬೇಕು ಅಂತ ಹೇಳಿದರು. ಹೋದ ಸಲ ಅರ್ಧ ಜನ ಅಂಟಿಸಿದ್ದರು. ಆಮೇಲೆ ನಮ್ಮನ್ನು ಚೆದುರಿಸಿದರು. ಕೆಲವರು ವರಾಂಡದಲ್ಲಿ, ಕೆಲವರು ಲ್ಯಾಬಿನಲ್ಲಿ, ಕೆಲವರು ಹೊಂಗೆ ಮರದ ಕೆಳಗೆ, ಮಾರು ಮಾರು ದೂರ. ನನ್ನನ್ನು ಮಾತ್ರ ಆಫೀಸ್ ರೂಮಿನಲ್ಲಿ, ಹೆಡ್‌ಮೇಷ್ಟ್ರ ಎದುರಿಗೆ.

ಹೆಡ್‌ಮೇಷ್ಟ್ರು ಪಿರಿಯಾಪಟ್ಟಣದವರು. ಹೋದ ವಾರವೆಲ್ಲ ತರಬೇತಿ ಅಂತ ಮೈಸೂರಿನಲ್ಲಿದ್ದು ಅವತ್ತೇ ಬಂದಿದ್ದರು. ‘ಏನ್ಲಾ ಮಾಡಿದೆ?’ ಅಂದರು.

‘ಗೊರ್ ಅಂದೆ ಸಾ.’

‘ಅಷ್ಟೇಯಾ?’

‘ಅಷ್ಟೇ ಸಾ.’

ಅವರು ಗಂಟಲು ಸರಿಮಾಡಿಕೊಂಡು ಮೊಬೈಲ್ ನೋಡತೊಡಗಿದರು.

ನಾನು ಸಾಲನ್ನು ಓದಿದೆ. ಸಂತೆಯಿಂದ ಮರಳುತ್ತಿದ್ದ ತಂದೆ ಮಗ ದಾರಿಯ ನಡುವೆ ಇದ್ದಕ್ಕಿದ್ದಂತೆ ನಿಂತರು. ಅಯ್ಯೋ ಮಿಸ್! ಇದ್ದಕ್ಕಿದ್ದಂತೆ ಯಾಕೆ ನಿಲ್ಲುತ್ತಾರೆ? ನಾನೂ ಅಪ್ಪನೂ ಎಷ್ಟು ಸಲ ನಿಂತಿಲ್ಲ? ಅಪ್ಪ ಬೈಕ್ ಆಫ್ ಮಾಡುತ್ತಾನೆ, ನಾನು ಹಿಂದೆ ಉಸಿರು ಹಿಡಿದುಕೊಳ್ಳುತ್ತೇನೆ, ಮುಂದೆ ಒಂದೊಂದಾಗಿ ದಾಟುತ್ತವೆ. ನೀತಿ ಬೇರೆ, ತಾಳ್ಮೆಯಿಂದ ಕಾಯಬೇಕಂತೆ! ಕಥೆ ನನ್ನ ಕೈಗೆ ಬಂದು ಕೂತಿತ್ತು. ಬರೆಯೋದೊಂದೇ ಬಾಕಿ.

ಬರೆಯಲಾಗಲಿಲ್ಲ. ನಾನು ಆನೆ ಬರೆದರೆ, ‘ನೋಡು, ಮತ್ತ ಆನಿ, ಇವನ ಎಲ್ಲಾರಿಗೂ ಹೇಳಿಕೊಟ್ಟಾಂವ’ ಅನ್ನುತ್ತಾರೆ. ಆನೆ ಬರೆಯದಿದ್ದರೆ, ‘ನೋಡು, ಒಬ್ಬನ ಕುಂತಾಗ ಆನಿ ಬರಲೇ ಇಲ್ಲ, ಅಂದರ ಆವತ್ತಿನದು ಕಾಪಿ’ ಅನ್ನುತ್ತಾರೆ. ಹೊರಗಿರುವವರು ಏನು ಬರೆಯುತ್ತಿದ್ದಾರೋ ಗೊತ್ತಿಲ್ಲ. ಅವರೂ ಹೀಗೇ ಯೋಚಿಸಿ ಆನೆ ಬಿಟ್ಟು, ನಾನೊಬ್ಬ ಬರೆದರೆ? ಅವರೆಲ್ಲ ಬರೆದು ನಾನೊಬ್ಬ ಬಿಟ್ಟರೆ? ಪೆನ್ನು ಕಚ್ಚಿದೆ. ಗಡಿಯಾರ ನೋಡಿದೆ. ಹೆಡ್‌ಮೇಷ್ಟ್ರು ‘ಬರಿಯಪ್ಪಾ’ ಅಂದರು. ನನ್ನ ಗಂಟಲು ತಾನಾಗೇ ಅವರ ಹಾಗೆ ಕೆಮ್ಮಿತು. ಅವರು ತಲೆಯೆತ್ತಿ ನೋಡಿದರು. ಅದು ಬೇಕಂತ ಮಾಡಿದ್ದಲ್ಲ ಅಂತ ಈಗಲೂ ಆಣೆ ಮಾಡಬಲ್ಲೆ.

ಕೊನೆಗೆ ಬುದ್ಧಿವಂತನಾಗಲು ಹೋದೆ. ಅಕ್ಕನ ಹಳೇ ಗೈಡು ಮನೆಯಲ್ಲಿತ್ತು. ಅದರಲ್ಲಿ ದಾರಿಯಲ್ಲಿ ಚೀಲ ಸಿಕ್ಕ ಕಥೆಯನ್ನು ಅಕ್ಕ ಗಟ್ಟಿಯಾಗಿ ಓದಿ ಓದಿ ನನಗೂ ಬಾಯಿಗೆ ಬಂದಿತ್ತು. ಗೈಡಿನ ಧ್ವನಿ ತೆಗೆದೆ. ‘ಅವರ ಕಣ್ಣಿಗೆ ಒಂದು ಚೀಲವು ಗೋಚರಿಸಿತು. ಅದರಲ್ಲಿ ಒಡವೆಗಳು ಥಳಥಳಿಸುತ್ತಿದ್ದವು. ತಂದೆಯು ಮರದ ನೆರಳಿನಲ್ಲಿ ಕುಳಿತು ಅದರ ವಾರಸುದಾರನಿಗಾಗಿ ಕಾದನು. ಅಷ್ಟರಲ್ಲಿ ವ್ಯಾಪಾರಿಯೊಬ್ಬನು ಏದುಸಿರು ಬಿಡುತ್ತಾ ಬಂದನು. ಅವನ ಕಣ್ಣುಗಳಿಂದ ಆನಂದಬಾಷ್ಪಗಳು ಸುರಿದವು.’ ಗೈಡಿನಲ್ಲಿ ನೀತಿ ಪ್ರಾಮಾಣಿಕತೆಯದು. ನಾನು ‘ಪ್ರಾಮಾಣಿಕತೆ’ ಇದ್ದಲ್ಲೆಲ್ಲ ‘ತಾಳ್ಮೆ’ ಹಾಕಿದೆ. ತಂದೆಯನ್ನು ಸ್ವಲ್ಪ ಹೊತ್ತು ಜಾಸ್ತಿ ಕಾಯಿಸಿದೆ. ಶೀರ್ಷಿಕೆ: ‘ತಾಳ್ಮೆಯ ಫಲ’. ಕೊಟ್ಟುಬಿಟ್ಟೆ.

ಮಧ್ಯಾಹ್ನ ಊಟದ ಹೊತ್ತಿಗೆ ಮೇಡಂ ಆಫೀಸ್ ರೂಮಿಗೆ ಕರೆಸಿದರು. ಮೇಜಿನ ಮೇಲೆ ಕಟ್ಟು ಬಿಚ್ಚಿತ್ತು. ಹೆಡ್‌ಮೇಷ್ಟ್ರು ಒಂದೊಂದು ಪತ್ರಿಕೆ ಓದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ವರಾಂಡದವರೂ ಆನೆ. ಲ್ಯಾಬಿನವರೂ ಆನೆ. ಹೊಂಗೆ ಮರದವರೂ ಆನೆ. ಹೋದ ಸಲ ಕೋತಿ ಬರೆದವಳೂ ಆನೆ, ಖಾಲಿ ಬಿಟ್ಟವನೂ ಆನೆ. ಒಂದು ಕಥೆಯಲ್ಲಿ ಮರಿ ಮಧ್ಯ ರಸ್ತೆಯಲ್ಲಿ ಮಲಗಿತ್ತು, ಇನ್ನೊಂದರಲ್ಲಿ ಸಂತೆಯಿಂದ ತಂದ ಬೆಲ್ಲದ ವಾಸನೆಗೆ ಒಂದು ತಿರುಗಿ ಬಂತು, ಇನ್ನೊಂದರಲ್ಲಿ ಕಾಯಲಾರದೆ ಹಾರನ್ ಹೊಡೆದ ಕಾರಿನವನ ಬಾನೆಟ್ಟು ಅಪ್ಪಚ್ಚಿಯಾಯಿತು. ಯಾವುದೂ ಯಾವುದರ ಹಾಗೂ ಇರಲಿಲ್ಲ. ಕೆ.ಆರ್. ನಗರದವನು ನಾಲೆ ಒಡೆದು ರಸ್ತೆಗೆ ನೀರು ಬಂತು, ನೀರು ಇಳಿಯುವವರೆಗೆ ಕಾದರು ಅಂತ ಬರೆದಿದ್ದ.

‘ಮೇಡಂ, ನಾನು ಬರ್ದಿದ್ರೂ ಆನೇನೇ ಬರೀತಿದ್ದೆ’ ಅಂದರು ಹೆಡ್‌ಮೇಷ್ಟ್ರು. ‘ಇಲ್ಲಿ ರಸ್ತೇಲಿ ಇನ್ಯಾಕೆ ನಿಲ್ತಾರೆ?’

ಮೇಡಂ ನಗಲಿಲ್ಲ. ನನ್ನ ಪತ್ರಿಕೆ ಎತ್ತಿದರು. ಅದರ ಪಕ್ಕ ಒಂದು ಗೈಡು ಇಟ್ಟರು. ಅಕ್ಕನ ಗೈಡಿನದೇ ಹೊಸ ಮುದ್ರಣ. ಬೆರಳಿಟ್ಟು ತೋರಿಸಿದರು: ಗೋಚರಿಸಿತು. ಥಳಥಳಿಸುತ್ತಿದ್ದವು. ಆನಂದಬಾಷ್ಪ.

‘ಇಪ್ಪತ್ತಾರು ಮಂದಿ ಕಾಪಿ ಮಾಡಿಲ್ಲ. ನೀ ಒಬ್ಬಾಂವ ಮಾಡೀದಿ.’

ಕಾಪಿ ಹೊಡೆದಿಲ್ಲ ಅಂತ ತೋರಿಸಲು ಕಾಪಿ ಹೊಡೆದೆ ಅಂತ ಹೇಳಿದೆ. ಹೇಳಿದ ಮೇಲೆ ನನಗೇ ಅರ್ಥವಾಗಲಿಲ್ಲ. ಅವರಿಗೂ ಆಗಲಿಲ್ಲ.

‘ನೀ ಹೋದ ಸಲ ಬರದಿದ್ದು ಖರೇನ ನಿಂದು?’

‘ನಂದೇ ಮಿಸ್.’

‘ಈ ಸಲದ್ದು?’

‘ಗೈಡಿಂದು ಮಿಸ್. ನಾನು ಬರೀ ಧ್ವನಿ ಮಾಡ್ದೆ.’

ಹೆಡ್‌ಮೇಷ್ಟ್ರು ಊಟಕ್ಕೆ ಎದ್ದು ಹೋದರು. ಮೇಡಂ ಮುಂದೆ ಒಂದು ಚೀಟಿ ಇತ್ತು. ಅಂಕಗಳ ಪಟ್ಟಿ ಅಂದುಕೊಂಡು ಕತ್ತು ಚಾಚಿದೆ. ಅಂಕ ಇರಲಿಲ್ಲ. ನಮ್ಮವರ ಕಥೆಗಳಿಂದ ಅವರು ಬರೆದುಕೊಂಡಿದ್ದು: ಗಾಡಿ ಬಂದ್ ಮಾಡಬೇಕು. ಹಾರನ್ ಹೊಡೆಯಬಾರದು. ಮೊಬೈಲ್ ತೆಗೆಯಬಾರದು. ಮರಿ ಇದ್ದರೆ ಇನ್ನೂ ಹಿಂದಕ್ಕೆ. ಕೊನೆಯದು ದಾಟಿತು ಅಂತ ಹೊರಡಬಾರದು, ಹಿಂದೆ ಇನ್ನೊಂದು ಇರುತ್ತದೆ.

ನಾನು ನೋಡಿದ್ದನ್ನು ಅವರು ನೋಡಿದರು. ಚೀಟಿ ಮುಚ್ಚಲಿಲ್ಲ.

‘ಒಬ್ಬರು ಅರ್ಧ ತಾಸು ಕಾಯಬೇಕು ಅಂತಾರ, ಒಬ್ಬರು ಬಾಲ ಕಾಣೂ ತನಕ ಅಂತಾರ. ಯಾವುದು ಖರೇ?’ ಅಂದರು. ಪ್ರಶ್ನೆ ಕೇಳುವ ಮೇಡಂ ಧ್ವನಿ ಅಲ್ಲ ಅದು. ಒಬ್ಬರೇ ಸ್ಕೂಟರಿನಲ್ಲಿ ಹೋಗಬೇಕಾದವರ ಧ್ವನಿ.

‘ಕಿವಿಗೊಟ್ಟು ಕೇಳ್ಬೇಕು ಮಿಸ್’ ಅಂದೆ. ಹೊಟ್ಟೆಯ ಗುಡುಗು ಮಾಡಿ ತೋರಿಸಿದೆ. ‘ಇದಾದ್ರೆ ಅವು ಅವವೇ ಮಾತಾಡ್ಕತಾವೆ, ಸುಮ್ನೆ ನಿಂತಿರಿ.’ ಆಮೇಲೆ ಸೊಂಡಿಲು ನೆಲಕ್ಕೆ ಬಡಿದು ಉಸಿರು ಬಿಡುವುದನ್ನು ಮಾಡಿದೆ. ‘ಇದಾದ್ರೆ ನಮ್ಮನ್ನ ನೋಡ್ಬುಟ್ಟದೆ ಅಂತ. ಸದ್ದು ಮಾಡ್ದೆ ಹಿಂದ್ಕೆ ಹೋಗಿ.’ ಘೀಳನ್ನು ಮಾಡಲಿಲ್ಲ. ಅದು ಗೊತ್ತಿತ್ತಲ್ಲ ಅವರಿಗೆ.

‘ಮೊದಲಿಂದು ಇನ್ನೊಮ್ಮೆ ಮಾಡು’ ಅಂದರು. ಮಾಡಿದೆ. ಕಣ್ಣು ಮುಚ್ಚಿ ಕೇಳಿದರು. ‘ಇನ್ನೊಮ್ಮೆ.’ ಮೂರನೆಯ ಸಲಕ್ಕೆ ನನ್ನ ಒಡೆದ ಗಂಟಲು ಕೋಳಿಯಾಯಿತು. ಆಗ ಮೊದಲ ಸಲ ಅವರು ನಕ್ಕರು. ನಗುತ್ತಲೇ ಸ್ಪರ್ಧೆಯ ಹಾಳೆ ತೆಗೆದರು. ನನ್ನ ಹೆಸರು ಹಾಗೇ ಇತ್ತು, ಮೇಲೆ ಗೆರೆ ಎಳೆದಿರಲಿಲ್ಲ. ಅಂದರೆ ಅವರು ಮೊದಲಿನಿಂದಲೂ ಕಳಿಸುವವರಿದ್ದರಾ, ಈಗ ಮನಸ್ಸು ಬದಲಾಯಿಸಿದರಾ? ಕೇಳುವ ಧೈರ್ಯವಾಗಲಿಲ್ಲ. ‘ಗೈಡಿನ ಕಥೀಗೆ ಸೊನ್ನಿ’ ಅಂದರು. ‘ಮೊದಲಿಂದು ತಿದ್ದಿ ಕೊಡ್ತೀನಿ.’

ಶನಿವಾರ ಹುಣಸೂರಿಗೆ ಹೋದೆ. ನನಗಿಂತ ಮುಂಚೆ ಸ್ಟೇಜ್ ಹತ್ತಿದ ಆರು ಜನರಲ್ಲಿ ನಾಲ್ಕು ಜನ ಆನೆ ಮಾಡಿದರು. ತೀರ್ಪುಗಾರರೊಬ್ಬರು ಮೈಕಿನಲ್ಲೇ, ‘ಏನ್ರಪ್ಪಾ, ಎಲ್ಲಾರ್ಗೂ ಒಬ್ಬರೇ ಕಲಿಸಿದ್ದಾ?’ ಅಂದರು. ಸಭೆಯ ಹಿಂದೆ ಕೂತಿದ್ದ ಮೇಡಂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಾನು ಸ್ಟೇಜ್ ಮೇಲೆ ನಿಂತು ಮತ್ತೆ ಅದೇ ಲೆಕ್ಕ ಹಾಕತೊಡಗಿದೆ, ಮಾಡಿದರೆ ಹೀಗೆ, ಬಿಟ್ಟರೆ ಹಾಗೆ. ಆಮೇಲೆ ಸಾಕಾಗಿ, ಆನೆಯನ್ನೇ ಮಾಡಿದೆ. ಬಹುಮಾನ ಬರಲಿಲ್ಲ. ಬಂದಿದ್ದು ಒಬ್ಬ ನಾಯಿಮರಿಗೆ.

ತಿದ್ದಿದ ಪತ್ರಿಕೆ ಮುಂದಿನ ವಾರ ಸಿಕ್ಕಿತು. ನಾಲ್ಕಕ್ಕೆ ಮೂರು. ಶೀರ್ಷಿಕೆಗೆ ರೈಟು, ಆರಂಭಕ್ಕೆ ರೈಟು, ‘ಓಗ್ಲಿ ಬುಡು’ ಕೆಳಗೆ ಕೆಂಪು ಗೆರೆ ಎಳೆದು ಅದಕ್ಕೂ ರೈಟು. ಒಂದು ಅಂಕ ಕಳೆದಿದ್ದು ಆನೆ ತಲೆ ಬಗ್ಗಿಸಿ ನಿಂತ ಜಾಗದಲ್ಲಿ. ಪಕ್ಕದಲ್ಲಿ ಸಣ್ಣಗೆ ಬರೆದಿದ್ದರು: ‘ಇದು ತಪ್ಪು ಒಪ್ಪಿಕೊಂಡದ್ದೋ, ಇನ್ನೊಂದು ಹಣ್ಣಿಗೆ ಬಂದದ್ದೋ? ಅಜ್ಜಿಗೆ ಹೇಗೆ ತಿಳಿಯಿತು?’

ಮನೆಗೆ ಹೋಗಿ ಅಜ್ಜಿಯನ್ನೇ ಕೇಳಿದೆ. ಅವಳು ಹುಣಸೆ ಹಣ್ಣಿನ ಬೀಜ ಬಿಡಿಸುತ್ತಾ ಒಂದು ಗಳಿಗೆ ಯೋಚಿಸಿದಳು. ‘ನಂಗೆಂಗ್ಲಾ ಗೊತ್ತಾದದು?’ ಅಂದಳು. ‘ನೀನಲ್ವಾ ಬರ್ದೋನು?’